ನಾಲ್ಕು ವರ್ಷ ಬಳಸಿದ ಷೇರು ದರ ಸೇವೆ: ಹೊಂದಾಣಿಕೆಯ ಕಾಲಂ ಬಗ್ಗೆ ಕೆಲವು ಮಾತು

ದಿನದ ಮುಕ್ತಾಯ ದರದ ಮೇಲೆ ನಡೆಯುವ ಸಣ್ಣ ಸಿಗ್ನಲ್ ವ್ಯವಸ್ಥೆಯೊಂದು ನನ್ನದಿದೆ. ಅದಕ್ಕೆ ಬೇಕಾದ ಹಳೆಯ ದರಗಳನ್ನು ನಾಲ್ಕು ವರ್ಷದಿಂದ ಒಂದೇ ಚಂದಾ ಸೇವೆಯಿಂದ ಪಡೆಯುತ್ತಿದ್ದೇನೆ. ದೂರುವುದೂ ಇರುವುದರಿಂದ ಹೆಸರು ಹೇಳುವುದಿಲ್ಲ. ವೇಗ, ದರ, ಗ್ರಾಹಕ ಸೇವೆ ಎಲ್ಲವೂ ಸಾಧಾರಣ. ಇಂಥ ಸೇವೆ ಗೆಲ್ಲುವುದೂ ಸೋಲುವುದೂ ವಿಭಜನೆ, ಬೋನಸ್, ಡಿವಿಡೆಂಡ್‌ಗಳನ್ನು ಹೇಗೆ ನಿಭಾಯಿಸುತ್ತದೆ ಎಂಬಲ್ಲಿ.

ಮೊದಲು ನನ್ನದೇ ತಪ್ಪು. ಇತಿಹಾಸವನ್ನು ಒಮ್ಮೆ ಇಳಿಸಿಕೊಂಡು, ದಿನವೂ ಒಂದು ಸಾಲನ್ನು ಕೆಳಗೆ ಸೇರಿಸುತ್ತಿದ್ದೆ. 2024ರ ಅಕ್ಟೋಬರ್ 28ರಂದು, ದೀಪಾವಳಿಯ ವಾರ, ರಿಲಯನ್ಸ್ 1:1 ಬೋನಸ್‌ನ ಎಕ್ಸ್-ಡೇಟ್ ಬಂತು. ಶುಕ್ರವಾರ ಸುಮಾರು 2,655 ರೂಪಾಯಿಗೆ ಮುಗಿದಿದ್ದ ಷೇರು ಸೋಮವಾರ 1,335ರ ಆಸುಪಾಸಿನಲ್ಲಿತ್ತು. ಸೇವೆಯವರು ಹಳೆಯ ದರಗಳನ್ನೆಲ್ಲ ಅರ್ಧ ಮಾಡಿ ಇಟ್ಟಿದ್ದರು. ನನ್ನ ಕಡತದಲ್ಲಿ ಮಾತ್ರ ಶುಕ್ರವಾರದವರೆಗೆ ಹಳೆಯ ಅಳತೆ, ಸೋಮವಾರದಿಂದ ಹೊಸ ಅಳತೆ. ಅರ್ಧ ಬೆಲೆ ಒಂದೇ ದಿನದಲ್ಲಿ ಕರಗಿತೆಂದು ವ್ಯವಸ್ಥೆ ಮಾರಾಟದ ಸಿಗ್ನಲ್ ಕೊಟ್ಟಿತು.

ಅದು ಕಣ್ಣಿಗೆ ಹೊಡೆಯುವ ತಪ್ಪು, ಹಾಗಾಗಿ ಆ ಸಿಗ್ನಲ್ ಅನ್ನು ಕೈಬಿಟ್ಟೆ. ಆದರೆ ಒಳಗೆ ಕುಳಿತ ತಪ್ಪು ಬೇರೆಯೇ ಇತ್ತು. ಎಷ್ಟು ಷೇರು ಕೊಳ್ಳಬೇಕೆಂಬುದನ್ನು ನಾನು 14 ದಿನಗಳ ಸರಾಸರಿ ಏರಿಳಿತದಿಂದ, ಅಂದರೆ ಎಟಿಆರ್‌ನಿಂದ ಲೆಕ್ಕ ಹಾಕುತ್ತೇನೆ. ಹಿಂದಿನ 13 ದಿನಗಳಲ್ಲಿ ದಿನಕ್ಕೆ 45 ರೂಪಾಯಿ ಏರಿಳಿತ ಎಂದಿಟ್ಟುಕೊಳ್ಳಿ, ಮೊತ್ತ 585. ಅದಕ್ಕೆ ಸೋಮವಾರದ ಸುಳ್ಳು ಕುಸಿತ 1,320 ಸೇರಿಸಿ 14ರಿಂದ ಭಾಗಿಸಿದರೆ 136 ಬರುತ್ತದೆ. ಬೋನಸ್ ನಂತರದ ಅಳತೆಯಲ್ಲಿ ಬರಬೇಕಾದದ್ದು ಸುಮಾರು 22. ಏರಿಳಿತ ಆರು ಪಟ್ಟು ಕಂಡಿದ್ದರಿಂದ ಕೊಳ್ಳುವ ಸಂಖ್ಯೆ ಆರನೇ ಒಂದು ಭಾಗಕ್ಕೆ ಇಳಿಯಿತು. ಆ ಒಂದು ದಿನ ಸರಾಸರಿಯಿಂದ ಹೊರಬೀಳುವವರೆಗೂ ಹೀಗೆಯೇ. ಯಾವ ಎಚ್ಚರಿಕೆಯೂ ಮೂಡದ ಕಾರಣ ನನಗೆ ತಿಳಿಯಲು ಒಂದು ವಾರ ಹಿಡಿಯಿತು.

ಈಗ ಎಕ್ಸ್-ಡೇಟ್ ಬಂದ ಷೇರಿನ ಇಡೀ ಇತಿಹಾಸವನ್ನು ಮತ್ತೆ ಇಳಿಸುತ್ತೇನೆ. ಅದಕ್ಕೂ ಮೊದಲು ಪ್ರತಿ ರಾತ್ರಿ ಇಷ್ಟು ನೋಡುತ್ತೇನೆ:

```
r = df["close"] / df["close"].shift(1)
print(df[(r < 0.8) | (r > 1.25)])
```

ಇದೂ ಜರಡಿಯಷ್ಟೇ. 1:5 ಬೋನಸ್‌ನಲ್ಲಿ ದರ 0.83 ಪಟ್ಟಾಗುತ್ತದೆ, ಅದು ನುಸುಳಿಹೋಗುತ್ತದೆ.

ಸೇವೆಯವರ ತಪ್ಪು ಕೂಡ ಈ ಜರಡಿಯಲ್ಲೇ ಸಿಕ್ಕಿತು. 2021ರಲ್ಲಿ ಐಆರ್‌ಸಿಟಿಸಿ 1:5 ವಿಭಜನೆ ಮಾಡಿದಾಗ ಒಂದು ಷೇರು ಐದಾಯಿತು. 2019ರ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರಿನ ವಿಪ್ರೋ 1:3 ಬೋನಸ್ ಕೊಟ್ಟಾಗ ಮೂರು ಷೇರು ನಾಲ್ಕಾಯಿತು, ಮೂರು ಪಟ್ಟಾಗಲಿಲ್ಲ. ಬರೆಯುವ ಚಿಹ್ನೆ ಒಂದೇ, ಅರ್ಥ ಬೇರೆ. ಹಳೆಯ ದರವನ್ನು 0.75ರಿಂದ ಗುಣಿಸಬೇಕಾದಲ್ಲಿ ಇವರು ಮೂರರಿಂದ ಭಾಗಿಸಿದ್ದರು. ಹಾಗಾಗಿ ಆ ದಿನ ಷೇರು ಎರಡು ಪಟ್ಟಿಗೂ ಹೆಚ್ಚು ಜಿಗಿದಂತೆ ಕಾಣುತ್ತಿತ್ತು. ಎರಡು ಮಿಂಚಂಚೆಗಳ ನಂತರ ಸರಿಪಡಿಸಿದರು, ಕ್ಷಮೆ ಕೇಳಲಿಲ್ಲ.

ಡಿವಿಡೆಂಡ್ ವಿಷಯದಲ್ಲಿ ಮಾತ್ರ ಇವರಿಗೆ ಪೂರ್ಣ ಅಂಕ. ವಿಭಜನೆ–ಬೋನಸ್‌ಗೆ ಮಾತ್ರ ಹೊಂದಿಸಿದ ದರ, ಡಿವಿಡೆಂಡ್ ಸೇರಿಸಿ ಹೊಂದಿಸಿದ ದರ, ಕಚ್ಚಾ ದರ, ಮೂರನ್ನೂ ಬೇರೆ ಬೇರೆ ಕೊಡುತ್ತಾರೆ. ವೇದಾಂತ 2022–23ಕ್ಕೆ ಐದು ಮಧ್ಯಂತರ ಡಿವಿಡೆಂಡ್‌ಗಳಲ್ಲಿ ಷೇರಿಗೆ ಒಟ್ಟು 101.50 ರೂಪಾಯಿ ಹಂಚಿತು. 2022ರ ಏಪ್ರಿಲ್‌ನಲ್ಲಿ 400 ದಾಟಿದ್ದ ದರ ವರ್ಷದ ನಂತರ 280ರ ಹತ್ತಿರವಿತ್ತು. ಕಚ್ಚಾ ದರ ನೋಡಿದವನಿಗೆ ದೊಡ್ಡ ನಷ್ಟ. ವಾಸ್ತವದಲ್ಲಿ ಇಳಿದದ್ದರ ಬಹುಪಾಲು ಷೇರುದಾರರ ಬ್ಯಾಂಕ್ ಖಾತೆಗೆ ಬಂದಿತ್ತು. ಕೊನೆಯ ಕಂತು 20.50 ರೂಪಾಯಿ. ಹಿಂದಿನ ದಿನದ ಮುಕ್ತಾಯ 280 ಎಂದಿಟ್ಟುಕೊಂಡರೆ ಗುಣಕ 1 − 20.5/280, ಅಂದರೆ 0.927. ಅದಕ್ಕಿಂತ ಹಿಂದಿನ ದರಗಳೆಲ್ಲ ಈ ಗುಣಕದಿಂದ ತಗ್ಗುತ್ತವೆ.

ಹನ್ನೆರಡು ತಿಂಗಳ ಗಳಿಕೆಯಿಂದ ಷೇರುಗಳಿಗೆ ಸ್ಥಾನ ಕೊಡುವಾಗ ಡಿವಿಡೆಂಡ್ ಸೇರಿದ ದರವನ್ನೇ ಬಳಸುತ್ತೇನೆ. 52 ವಾರಗಳ ಗರಿಷ್ಠ ದಾಟಿದರೆ ಕೊಳ್ಳುವ ಸಿಗ್ನಲ್‌ಗೆ ಅದು ಬೇಡ. ಹಳೆಯ ಗರಿಷ್ಠವೇ ತಗ್ಗಿಬಿಡುವುದರಿಂದ, ಮಾರುಕಟ್ಟೆಯಲ್ಲಿ ಯಾರೂ ಕಾಣದ ಗೆರೆಯನ್ನು ಷೇರು ದಾಟಿದಂತಾಗುತ್ತದೆ. ಸ್ಟಾಪ್‌ಲಾಸ್ ಆರ್ಡರ್ ಹಾಕುವುದು ಯಾವಾಗಲೂ ಕಚ್ಚಾ ದರಕ್ಕೆ. ಎಕ್ಸ್-ಡೇಟ್‌ನ ಬೆಳಿಗ್ಗೆ ಅದನ್ನು ಕೈಯಿಂದಲೇ ಬದಲಿಸುತ್ತೇನೆ.

ಐದಕ್ಕೆ ನಾಲ್ಕು. ಬೋನಸ್ ಅನುಪಾತವನ್ನು ತಾವೇ ಪರಿಶೀಲಿಸಿ ಪ್ರಕಟಿಸಲು ಶುರು ಮಾಡಿದ ದಿನ ಉಳಿದ ಒಂದನ್ನೂ ಕೊಡುತ್ತೇನೆ.