ಒಂದು ಚಮಚ ಹಾಲಿನ ಪುಡಿ: ನಾಲ್ಕು ಬಟ್ಟಲು ಮೊಸರಿನ ಹೋಲಿಕೆ

ಬಟ್ಟಲನ್ನು ಓರೆ ಮಾಡಿದರೆ ಮೊಸರು ಜಾರಬಾರದು. ನಮ್ಮತ್ತೆಯ ಪರೀಕ್ಷೆ ಇಷ್ಟೇ. ಅವರದ್ದು ಮಾಲೂರು ಕಡೆಯ ಹಳ್ಳಿ, ಮನೆಯಲ್ಲೇ ಹಸು. ನಾವಿರೋದು ತುಮಕೂರಿನಲ್ಲಿ, ಬೆಳಿಗ್ಗೆ ಬರೋದು ಪ್ಯಾಕೆಟ್ ಹಾಲು. ನಮ್ಮ ಮನೆಯ ಮೊಸರು ಈ ಪರೀಕ್ಷೆಯಲ್ಲಿ ಒಂದು ದಿನವೂ ಪಾಸಾಗಿರಲಿಲ್ಲ. ಮಗನ ಡಬ್ಬಿಗೆ ಮೊಸರನ್ನ ಕಲಸಿದರೆ ಮಧ್ಯಾಹ್ನದ ಹೊತ್ತಿಗೆ ಅನ್ನ ಒಂದು ಕಡೆ, ನೀರು ಒಂದು ಕಡೆ.

ಪಕ್ಕದ ಮನೆಯವರು ಕಾಯಿಸಿದ ಹಾಲಿಗೆ ಒಂದು ಚಮಚ ಹಾಲಿನ ಪುಡಿ ಹಾಕಿ ಅಂದರು. ಅತ್ತೆಗೆ ಫೋನಿನಲ್ಲಿ ಹೇಳಿದೆ. "ಹಾಲಿಗೆ ಹಾಲಿನ ಪುಡಿ ಹಾಕ್ತಾರೇನಮ್ಮಾ? ಇನ್ನೊಂದ್ ಸ್ವಲ್ಪ ಕಾಯ್ಸು, ತಾನೇ ಗಟ್ಟಿ ಆಗತ್ತೆ" ಅಂದರು. ನಮ್ಮ ಮನೆಯವರು, "ಅದೆಲ್ಲ ಯಾಕೆ, ಕೆನೆಭರಿತ ಹಾಲು ತಂದರೆ ಆಯ್ತಲ್ವಾ" ಅಂದರು. ಮೂರು ಜನ, ಮೂರು ದಾರಿ. ಡಿಸೆಂಬರಿನ ಒಂದು ರಾತ್ರಿ ಎಲ್ಲವನ್ನೂ ಒಟ್ಟಿಗೇ ನೋಡೋಣ ಅಂತ ಕೂತೆ.

ಅಳತೆಯ ಸ್ಟೀಲ್ ಬಟ್ಟಲು ನಾಲ್ಕು. ಮೊದಲನೆಯದಕ್ಕೆ ಅರ್ಧ ಲೀಟರ್ ಟೋನ್ಡ್ ಹಾಲು, ಸುಮ್ನೆ ಕಾಯಿಸಿದ್ದು. ಎರಡನೆಯದಕ್ಕೆ ಅದೇ ಹಾಲು, ಒಂದು ಊಟದ ಚಮಚ ಪುಡಿ ಬೆರೆಸಿದ್ದು. ಚಮಚವನ್ನು ಅಂಚಿಗೆ ಸವರಿ ತೂಗಿದಾಗ ಪುಡಿ 8 ಗ್ರಾಂ ಬಂತು. ಮೂರನೆಯದು ಅತ್ತೆಯ ದಾರಿ, ಸಣ್ಣ ಉರಿಯಲ್ಲಿ ಬತ್ತಿಸಿದ ಹಾಲು. ನಾಲ್ಕನೆಯದು ಕೆನೆಭರಿತ ಹಾಲು, ಪುಡಿ ಇಲ್ಲದೆ. ನಾಲ್ಕಕ್ಕೂ ಒಂದೇ ಮೊಸರಿನಿಂದ ಅರ್ಧರ್ಧ ಟೀ ಚಮಚ ಹೆಪ್ಪು. ಹಾಲಿನ ಬಿಸಿ 42 ಡಿಗ್ರಿ. ಥರ್ಮಾಮೀಟರ್ ಇಲ್ಲದವರು ಕಿರುಬೆರಳು ಅದ್ದಿ ಹತ್ತು ಎಣಿಸಿ ನೋಡಿ, ಬೆಚ್ಚಗೆ ಅನಿಸಬೇಕು, ಚುರುಕ್ ಅನ್ನಬಾರದು. ಆಮೇಲೆ ದೊಡ್ಡ ಇಡ್ಲಿ ಪಾತ್ರೆಯ ತಳಕ್ಕೆ ಬಿಸಿನೀರು ಹಾಕಿ, ಬಟ್ಟಲುಗಳನ್ನು ತಟ್ಟೆಯ ಮೇಲಿಟ್ಟು, ಮುಚ್ಚಿ, ಹಳೇ ಕಂಬಳಿ ಹೊದಿಸಿದೆ. ಆಗ ರಾತ್ರಿ ಒಂಬತ್ತು.

ಬೆಳಿಗ್ಗೆ ಆರಕ್ಕೆ ತೆಗೆದಾಗ ಮೊದಲನೆಯದು ಹೆಪ್ಪುಗಟ್ಟಿತ್ತು, ಆದರೆ ಓರೆ ಮಾಡಿದರೆ ಅಂಚು ಬಿಟ್ಟು ಜಾರಿತು. ಎರಡನೆಯದು ಅಲುಗಲಿಲ್ಲ. ಚಮಚದಲ್ಲಿ ಒಂದು ತುಂಡು ತೆಗೆದರೆ ಕತ್ತರಿಸಿದ ಹಾಗೆ ಗುಳಿ ಬಿತ್ತು. ಒಂದು ಗಂಟೆ ಬಿಟ್ಟು ನೋಡಿದರೂ ಆ ಗುಳಿಯಲ್ಲಿ ಒಂದು ಚಮಚ ತಿಳಿನೀರೂ ಇರಲಿಲ್ಲ. ಮೊದಲನೆಯ ಬಟ್ಟಲಿನ ಗುಳಿ ಅಷ್ಟರಲ್ಲಿ ತುಂಬಿಹೋಗಿತ್ತು.

ನನಗೆ ಆಶ್ಚರ್ಯ ಆಗಿದ್ದು ನಾಲ್ಕನೆಯದು. ಮೇಲೆ ಬೆರಳು ದಪ್ಪ ಕೆನೆ, ನೋಡಿದರೆ ಇದೇ ಗೆಲ್ತು ಅನ್ನಬೇಕು. ಕೆನೆ ಸರಿಸಿದರೆ ಕೆಳಗೆ ಮೆತ್ತಗಿನ ಮೊಸರು. ರುಚಿ ಬೆಣ್ಣೆಯಂತಿತ್ತು, ಆದರೆ ಗಟ್ಟಿತನ ಎರಡನೆಯದರಷ್ಟು ಇರಲಿಲ್ಲ. ಮೊಸರನ್ನು ಹಿಡಿದು ನಿಲ್ಲಿಸೋದು ಮುಖ್ಯವಾಗಿ ಹಾಲಿನ ಪ್ರೋಟೀನು. ಅದು ಹುಳಿಯಾದಾಗ ಒಂದಕ್ಕೊಂದು ಅಂಟಿ ಬಲೆ ಕಟ್ಟುತ್ತೆ, ನೀರು ಆ ಬಲೆಯೊಳಗೆ ಸಿಕ್ಕಿಕೊಳ್ಳುತ್ತೆ. ಟೋನ್ಡ್ ಹಾಲಿನಲ್ಲಿ ಕೊಬ್ಬು 3 ಪರ್ಸೆಂಟ್, ಕೆನೆಭರಿತದಲ್ಲಿ 6. ಕೊಬ್ಬು ಎರಡರಷ್ಟಾಯಿತು, ಸರಿ. ಕೊಬ್ಬು ಬಿಟ್ಟು ಮಿಕ್ಕ ಘನ ಅಂಶ ಮಾತ್ರ ಎಂಟೂವರೆಯಿಂದ ಒಂಬತ್ತಕ್ಕೆ ಏರುತ್ತೆ, ಅಷ್ಟೇ. ಬಲೆ ಕಟ್ಟುವ ಸಾಮಾನು ಇರೋದು ಆ ಘನ ಅಂಶದಲ್ಲಿ.

ಕೆನೆ ತೆಗೆದ ಹಾಲಿನ ಪುಡಿ ಹಾಕಿದಾಗ ಏರೋದು ಇದೇ ಲೆಕ್ಕ. ಅರ್ಧ ಲೀಟರ್ ಟೋನ್ಡ್ ಹಾಲಿನಲ್ಲಿ ಕೊಬ್ಬಲ್ಲದ ಘನ ಅಂಶ ಸುಮಾರು 44 ಗ್ರಾಂ. ಅದಕ್ಕೆ 8 ಗ್ರಾಂ ಪುಡಿ ಸೇರಿದರೆ ಎಂಟೂವರೆ ಇದ್ದದ್ದು ಹತ್ತು ಪರ್ಸೆಂಟಿನ ಹತ್ತಿರ ಬರುತ್ತೆ. ಪುಡಿ ಇಲ್ಲದೆ ಅಲ್ಲಿಗೆ ಮುಟ್ಟಬೇಕಾದರೆ ಅರ್ಧ ಲೀಟರಿನಲ್ಲಿ 75 ಎಂಎಲ್ ಹತ್ತಿರ ನೀರು ಆವಿಯಾಗಬೇಕು. ಅತ್ತೆ ಹೇಳಿದ್ದೂ ಇದನ್ನೇ, ಲೆಕ್ಕ ಹಾಕದೆ ಹೇಳಿದ್ದರು.

ಅವರ ದಾರಿಯ ಮೂರನೆಯ ಬಟ್ಟಲು ಗಟ್ಟಿತನದಲ್ಲಿ ಎರಡನೆಯದಕ್ಕೆ ಸಮ. ರುಚಿಯಲ್ಲಿ ಒಂದು ಕೈ ಮೇಲು, ಕಾದ ಹಾಲಿನ ಪರಿಮಳ ಮೊಸರಿನಲ್ಲೂ ಉಳಿದಿತ್ತು. ಆದರೆ ಅದಕ್ಕೆ ಒಲೆ ಮುಂದೆ ಇಪ್ಪತ್ತೈದು ನಿಮಿಷ ಸೌಟು ಆಡಿಸುತ್ತಾ ನಿಂತೆ, ಅರ್ಧ ಲೀಟರಿಗೆ. ದಿನಾ ಆಗೋ ಕೆಲಸವಲ್ಲ. ಹಬ್ಬದ ದಿನ ಬೇಕಾದರೆ ಮಾಡಬಹುದು.

ಪುಡಿ ಹಾಕುವುದರಲ್ಲಿ ನಾನು ಮಾಡಿದ ಎರಡು ತಪ್ಪು ಹೇಳಲೇಬೇಕು. ಆ ರಾತ್ರಿಗೂ ಮುಂಚೆ, ಮೊದಲ ಸಲ, ಹಾಲು ಉಗುರು ಬೆಚ್ಚಗಾದ ಮೇಲೆ ಪುಡಿಯನ್ನು ನೇರವಾಗಿ ಉದುರಿಸಿದೆ. ಬೆಳಿಗ್ಗೆ ಮೊಸರಿನ ತಳದಲ್ಲಿ ಸಬ್ಬಕ್ಕಿಯಂಥ ಬಿಳಿ ಗಂಟುಗಳು. ಈಗ ಒಂದು ಲೋಟಕ್ಕೆ ಅರ್ಧ ಸೌಟು ಬಿಸಿ ಹಾಲು ತೆಗೆದುಕೊಂಡು, ಅದರಲ್ಲಿ ಪುಡಿಯನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಗಂಟು ಒಡೆದು, ಮತ್ತೆ ಪಾತ್ರೆಗೆ ಸುರಿಯುತ್ತೇನೆ. ಆಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿ. ಕಾದಾಗ ಹಾಲಿನ ತಿಳಿಯಲ್ಲಿರುವ ಪ್ರೋಟೀನು ಬಲೆ ಕಟ್ಟುವ ಪ್ರೋಟೀನಿಗೆ ಹತ್ತಿಕೊಳ್ಳುತ್ತೆ, ಮೊಸರು ಇನ್ನೂ ಬಿಗಿಯಾಗುತ್ತೆ. ಪುಡಿ ಬಿದ್ದ ಹಾಲು ಬೇಗ ತಳ ಹಿಡಿಯುತ್ತೆ, ಕೈ ಬಿಡಬೇಡಿ.

ಎರಡನೇ ತಪ್ಪು ಅಂಗಡಿಯಲ್ಲಿ. ಹಾಲಿನ ಪುಡಿ ಅಂತ ಕೇಳಿದೆ, ಟೀಗೆ ಹಾಕುವ ಡೈರಿ ವೈಟ್ನರ್ ಪೊಟ್ಟಣ ಕೊಟ್ಟರು. ಅದರಲ್ಲಿ ಸಕ್ಕರೆ ಇರುತ್ತೆ. ಮೊಸರು ಗಟ್ಟಿಯಾಯಿತು, ಆದರೆ ಅದಕ್ಕೆ ಉಪ್ಪಿನಕಾಯಿ ನೆಂಚಿಕೊಂಡ ಮಗ ಮುಖ ಕಿವುಚಿದ. ಹಿಂದಿನ ಸಣ್ಣ ಅಕ್ಷರ ಓದಿ, ಸಕ್ಕರೆ ಅಂತಿದ್ದರೆ ಬೇಡ.

ಒಂದು ಚಮಚ ಒಳ್ಳೆಯದಾದರೆ ಮೂರು ಇನ್ನೂ ಒಳ್ಳೆಯದಲ್ವಾ ಅಂತ ಒಂದು ಸಲ ಹಾಕಿಯೂ ನೋಡಿದೆ. ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿ, ಆದರೆ ನಾಲಿಗೆಗೆ ಸುಣ್ಣದ ಹಾಗೆ ಹಿಟ್ಟುಹಿಟ್ಟು, ಪುಡಿಯ ವಾಸನೆ ಬೇರೆ. ಅರ್ಧ ಲೀಟರಿಗೆ ಒಂದು, ಮಿತಿ ಅಂದರೆ ಒಂದೂವರೆ.

ಲೋಳೆ ಮೊಸರಿಗೆ ಇದು ಮದ್ದಲ್ಲ. ಚಮಚ ಎತ್ತಿದರೆ ದಾರದ ಹಾಗೆ ಎಳೆ ಬರುತ್ತಿದ್ದರೆ ತಪ್ಪು ಇರೋದು ಹೆಪ್ಪಿನಲ್ಲಿ, ಇಲ್ಲವೇ ಹಾಲು ತೀರಾ ಆರಿದ ಮೇಲೆ ಹೆಪ್ಪು ಹಾಕಿದ್ದರಲ್ಲಿ. ಅದಕ್ಕೆ ಪುಡಿ ಹಾಕಿದರೆ ಗಟ್ಟಿ ಲೋಳೆ ಸಿಗುತ್ತೆ.

ಈಗ ನಮ್ಮ ಮನೆಯಲ್ಲಿ ರಾತ್ರಿ ಎರಡು ಬಟ್ಟಲು. ಪುಡಿ ಹಾಕಿದ್ದು ಡಬ್ಬಿಯ ಮೊಸರನ್ನಕ್ಕೆ ಮತ್ತು ಮೊಸರುಬಜ್ಜಿಗೆ. ಹಾಕದ್ದು ಮಜ್ಜಿಗೆಗೆ, ಹೇಗಿದ್ದರೂ ನೀರು ಹಾಕಿ ಕಡೆಯೋದೇ ತಾನೆ. ಸಂಕ್ರಾಂತಿಗೆ ಬಂದಿದ್ದ ಅತ್ತೆ ಗಟ್ಟಿ ಬಟ್ಟಲನ್ನು ಓರೆ ಮಾಡಿದರು, ಇನ್ನೂ ಸ್ವಲ್ಪ ಓರೆ ಮಾಡಿದರು. "ಪರ್ವಾಗಿಲ್ಲ, ಕಾಯ್ಸೋದು ಕಲ್ತಿದ್ದೀಯ" ಅಂದರು. ಪುಡಿಯ ಡಬ್ಬ ಮೇಲಿನ ಶೆಲ್ಫಿನಲ್ಲಿ, ರವೆ ಡಬ್ಬದ ಹಿಂದೆ ಇತ್ತು.