ಏಳು ಮಳೆಗಾಲ ಕಂಡ ವಾಷಿಂಗ್ ಮಷಿನ್: ನೀರು ಹೋಗದೆ, ಬಟ್ಟೆ ಹಿಂಡದೆ ನಿಂತಾಗ

ಉಡುಪಿಯ ಅಂಬಲಪಾಡಿಯ ನಮ್ಮ ಮನೆಯಲ್ಲಿ ಈ ಟಾಪ್ ಲೋಡ್ ಮಷಿನ್‌ಗೆ ಈಗ ಏಳು ವರ್ಷ. ಬೆಲ್ಟ್‌ನಿಂದ ಡ್ರಮ್ ತಿರುಗಿಸುವ, ಪಂಪ್‌ನಿಂದ ನೀರು ಹೊರಹಾಕುವ ಮಾದರಿ. ಒಗೆತದ ಬಗ್ಗೆ ದೂರಿಲ್ಲ. ಗದ್ದೆಯ ಕೆಸರು ಹಿಡಿದ ಪಂಚೆಯನ್ನೂ ಚೆನ್ನಾಗಿಯೇ ಒಗೆಯುತ್ತದೆ. ಆದರೆ ಕಳೆದ ಆಟಿ ತಿಂಗಳಲ್ಲಿ, ಬಿಸಿಲೇ ಕಾಣದ ವಾರದಲ್ಲಿ, ಬಟ್ಟೆಯೆಲ್ಲ ನೀರಿನಲ್ಲಿ ಮುಳುಗಿರುವಾಗಲೇ ನಿಂತುಬಿಟ್ಟಿತು. ನೀರೂ ಹೋಗಲಿಲ್ಲ, ಡ್ರಮ್ಮೂ ತಿರುಗಲಿಲ್ಲ.

ಸರ್ವಿಸ್‌ನವರಿಗೆ ಫೋನ್ ಮಾಡಿದರೆ, ಮಷಿನ್ ನೋಡುವ ಮೊದಲೇ "ಬೋರ್ಡ್ ಹೋಗಿರಬೇಕು" ಎಂದರು. ಅದು ನನಗೆ ಒಪ್ಪಿಗೆಯಾಗಲಿಲ್ಲ. ಒಳಗೆ ನೀರಿದೆ ಎಂದು ಮಟ್ಟ ಅಳೆಯುವ ಸೆನ್ಸರ್ ಹೇಳುತ್ತಿರುವವರೆಗೆ ಮಷಿನ್ ಸ್ಪಿನ್‌ಗೆ ಹೋಗುವುದೇ ಇಲ್ಲ. ಹಾಗಾಗಿ ಎರಡು ತೊಂದರೆಯಂತೆ ಕಂಡದ್ದು ನಿಜವಾಗಿ ಒಂದೇ ಇರಬಹುದು.

ಸುಲಭದ್ದೆಂದು ಮುಚ್ಚಳದ ಸ್ವಿಚ್ಚನ್ನು ಮೊದಲು ನೋಡಿದೆ. ಪ್ಲಗ್ ಕಿತ್ತು, ಮುಚ್ಚಳವನ್ನು ನಿಧಾನವಾಗಿ ಇಳಿಸಿದಾಗ 'ಟಿಕ್' ಎಂಬ ಸದ್ದು ಕೇಳಿಸಿತು. ಸದ್ದು ಬಂದ ಮಾತ್ರಕ್ಕೆ ನಂಬಬಾರದು, ನಮ್ಮ ಕರಾವಳಿಯ ಉಪ್ಪುಗಾಳಿಗೆ ಒಳಗಿನ ಸಂಪರ್ಕಬಿಂದು ಕಿಲುಬು ಹಿಡಿದಿರಬಹುದು. ಸ್ವಿಚ್ಚಿನ ಎರಡು ವೈರುಗಳನ್ನು ಬಿಡಿಸಿ ಮಲ್ಟಿಮೀಟರ್ ಇಟ್ಟೆ. ಮುಚ್ಚಿದಾಗ ಬೀಪ್, ತೆರೆದಾಗ ಮೌನ. ಸ್ವಿಚ್ ಸರಿಯಿತ್ತು. ಅದು ಕೆಟ್ಟಿದ್ದರೂ ವೈರುಗಳನ್ನು ನೇರವಾಗಿ ಜೋಡಿಸಿಬಿಡುವ ಕೆಲಸ ಯಾರೂ ಮಾಡಬೇಡಿ. ತಿರುಗುವ ಡ್ರಮ್ಮಿನೊಳಗೆ ಮಗುವಿನ ಕೈ ಹೋಗದಂತೆ ತಡೆಯುವುದು ಅದೊಂದೇ.

ಮುಂದಿನದು ಪಂಪ್. ಮತ್ತೆ ಪ್ಲಗ್ ಹಾಕಿ ಡ್ರೈನ್‌ಗೆ ಇಟ್ಟು ಕಿವಿಗೊಟ್ಟೆ. 'ಗುಂಯ್' ಎಂದು ನಡುಗುತ್ತಿತ್ತು, ನೀರು ಮಾತ್ರ ಬರುತ್ತಿರಲಿಲ್ಲ. ಸದ್ದೇ ಇಲ್ಲದಿದ್ದರೆ ಪಂಪ್‌ಗೆ ಕರೆಂಟ್ ಬರುತ್ತಿಲ್ಲ ಅಥವಾ ಅದರ ಕಾಯಿಲ್ ಸುಟ್ಟಿದೆ ಎಂದು ತಿಳಿಯಬಹುದಿತ್ತು. ನಡುಕವಿದ್ದು ನೀರಿಲ್ಲವೆಂದರೆ ಏನೋ ಸಿಕ್ಕಿಕೊಂಡಿದೆ. ಪ್ಲಗ್ ಕಿತ್ತು ಹೊರಗಿನ ಪೈಪನ್ನು ಬಚ್ಚಲಿನ ನೆಲಕ್ಕೆ ಇಳಿಸಿದೆ. ಅಡ್ಡಿಯಿಲ್ಲದಿದ್ದರೆ ನೀರು ತಾನಾಗಿಯೇ ರಭಸವಾಗಿ ಹರಿಯಬೇಕಿತ್ತು, ಇಲ್ಲಿ ನೂಲಿನಂತೆ ಇಳಿಯಿತು. ಉಳಿದದ್ದನ್ನು ಚೊಂಬಿನಲ್ಲಿ ತೋಡಿ, ಮಷಿನನ್ನು ಹಳೆಯ ಚಾಪೆಯ ಮೇಲೆ ಇಬ್ಬರು ಸೇರಿ ಮಲಗಿಸಿದೆವು.

ಪಂಪ್ ಬಿಚ್ಚುವುದಕ್ಕಿಂತ ಅದರ ತುಕ್ಕು ಹಿಡಿದ ಮೂರು ಸ್ಕ್ರೂ ತೆಗೆಯುವುದೇ ಕಷ್ಟವಾಯಿತು. ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದೆ. ಒಳಗೆ ಬೈರಾಸಿನ ನೂಲು ಗಂಟುಗಂಟಾಗಿ ರೆಕ್ಕೆಗೆ ಸುತ್ತಿಕೊಂಡಿತ್ತು. ಆ ಗಂಟಿನ ನಡುವೆ ರವಿಕೆಯ ಎರಡು ಹುಕ್ಕುಗಳು, ಅಡಿಯಲ್ಲಿ ಕೆಂಪು ಮಣ್ಣಿನ ಮಡ್ಡಿ. ಎಲ್ಲ ತೆಗೆದ ಮೇಲೆ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿದರೆ ಸರಾಗವಾಗಿ ಸುತ್ತದೆ, ತಡೆತಡೆದು ತಿರುಗುತ್ತದೆ. ಒಳಗಿನ ಆಯಸ್ಕಾಂತದ ಸೆಳೆತ ಅದು, ದೋಷವಲ್ಲ. ಅದನ್ನೇ ಕೆಟ್ಟಿದೆ ಎಂದುಕೊಂಡು ಒಳ್ಳೆಯ ಪಂಪನ್ನು ಎಸೆಯುವವರಿದ್ದಾರೆ.

ಮರುಜೋಡಿಸಿದಾಗ ನೀರು ಭರದಿಂದ ಹೋಯಿತು. ಆದರೆ ಬಟ್ಟೆ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಮೋಟಾರ್ ಓಡುವ ಸದ್ದಿದೆ, ಡ್ರಮ್ ಮಾತ್ರ ಸೋಮಾರಿಯಾಗಿ ಸುತ್ತುತ್ತಿದೆ, ಜೊತೆಗೆ ರಬ್ಬರ್ ಸುಟ್ಟ ವಾಸನೆ. ಪ್ಲಗ್ ಕಿತ್ತು ಮತ್ತೆ ಮಲಗಿಸಿ ನೋಡಿದರೆ ತಳದ ತಗಡಿನ ಮೇಲೆ ಕಾಡಿಗೆಯಂಥ ಕಪ್ಪು ಪುಡಿ. ಬೆಲ್ಟಿನ ಪಕ್ಕಗಳು ಉಜ್ಜಿ ಗಾಜಿನಂತೆ ಹೊಳೆಯುತ್ತಿದ್ದವು. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 1 ಸೆಂಟಿಮೀಟರ್ ಬಗ್ಗಬೇಕಾದದ್ದು 3 ಸೆಂಟಿಮೀಟರ್ ಬಗ್ಗುತ್ತಿತ್ತು. ಪಂಪ್ ತಿಂಗಳುಗಟ್ಟಲೆ ಅರ್ಧಂಬರ್ಧ ನೀರು ತೆಗೆಯುತ್ತಿದ್ದಿರಬೇಕು. ಸೆನ್ಸರಿಗೆ ಸಿಗದಷ್ಟು ನೀರು ತಳದಲ್ಲಿ ಉಳಿದು, ಅದನ್ನು ಸೀಳಿಕೊಂಡು ಡ್ರಮ್ ತಿರುಗುವಾಗ ಬೆಲ್ಟ್ ಜಾರಿ ಜಾರಿ ಸವೆದಿದೆ ಎಂಬುದು ನನ್ನ ಲೆಕ್ಕ.

ಅಂಗಡಿಯವರು ಕೇಳಿದ್ದು ಒಂದೇ ಮಾತು: "ಹಳೆಯ ಬೆಲ್ಟ್ ತಂದಿದ್ದೀರಾ?" ಅದರ ಬೆನ್ನಿನ ಮೇಲೆ ಅಚ್ಚಾದ ಸಂಖ್ಯೆ ನೋಡಿ ಅದೇ ಅಳತೆಯದ್ದು ಕೊಟ್ಟರು. ಮೋಟಾರಿನ ಬೋಲ್ಟುಗಳನ್ನು ಸಡಿಲಿಸಿ, ಬೆಲ್ಟ್ ಹಾಕಿ, ಮೋಟಾರನ್ನು ಹಿಂದಕ್ಕೆ ಎಳೆದು ಬಿಗಿ ಮಾಡಿದೆ. ಹೆಚ್ಚು ಬಿಗಿದರೆ ಬೇರಿಂಗ್ ಹಾಳಾಗುತ್ತದೆ, ಆದ್ದರಿಂದ ಆ ಒಂದು ಸೆಂಟಿಮೀಟರನ್ನು ಎರಡು ಸಲ ಒತ್ತಿ ನೋಡಿಕೊಂಡೆ. ಅಂದಿನಿಂದ ಬಟ್ಟೆ ಒದ್ದೆಯಾಗಿ ಉಳಿದಿಲ್ಲ, ಬೋರ್ಡ್ ಈಗಲೂ ಹಳೆಯದೇ.

ಮಷಿನ್‌ಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಮೋಟಾರ್, ಡ್ರಮ್ ಗಟ್ಟಿ. ತಳ ತೆರೆದೇ ಇರುವುದರಿಂದ ಇಲಿ ಹೊಕ್ಕು ವೈರು ಕಡಿಯುವ ಭಯ ಮಳೆಗಾಲದುದ್ದಕ್ಕೂ ಇದೆ, ನಾನೇ ಜಾಲರಿ ಕಟ್ಟಿದ್ದೇನೆ. ಅಂಕ ಕಡಿಮೆ ಮಾಡಿದ್ದು ಮುಖ್ಯವಾಗಿ ಪಂಪಿನ ವಿಷಯಕ್ಕೆ. ಎರಡು ಹುಕ್ಕು ತೆಗೆಯಲು ಇಡೀ ಮಷಿನನ್ನು ಮಲಗಿಸಬೇಕಾದ ವಿನ್ಯಾಸ ತಪ್ಪು. ಇನ್ನೊಂದು ಕೊಳ್ಳುವುದಾದರೆ, ಮುಂದಿನಿಂದಲೇ ತೆರೆಯುವ ಪಂಪ್ ಫಿಲ್ಟರ್ ಇದೆಯೇ ಎಂದು ಅಂಗಡಿಯಲ್ಲೇ ಬಗ್ಗಿ ನೋಡಿ ಕೊಳ್ಳುತ್ತೇನೆ.