ಮೂರು ನಮೂನೆ ಉತ್ತರ, ಒಂದು ಮೆತ್ತಿ

ಶಿರಸಿ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಹೋಂಸ್ಟೇ ಶುರುಮಾಡಿದ ಮೇಲೆ, ವೆಬ್‌ಸೈಟಿನ ಫಾರ್ಮಿನಲ್ಲಿ ವಿಚಾರಿಸುವವರಿಗೆ ಮೂರು ನಮೂನೆಯಲ್ಲಿ ಉತ್ತರ ಕೊಟ್ಟು ನೋಡಿದ್ದೇನೆ.

ಮೊದಲನೆಯದು ತಾನಾಗಿಯೇ ಹೋಗುವ ಮೇಲ್: 'ಧನ್ಯವಾದ, ಶೀಘ್ರ ಸಂಪರ್ಕಿಸುತ್ತೇವೆ', ಜತೆಗೆ ದರಪಟ್ಟಿ. ಇದಕ್ಕಿಂತ ಬೇಗ ಯಾರಿಂದಲೂ ಆಗದು. ಆದರೆ ಅದಕ್ಕೆ ತಿರುಗಿ ಬರೆದವರು ಅಪರೂಪ. ಈಗ ರಸೀದಿಯ ಹಾಗೆ ಇಟ್ಟುಕೊಂಡಿದ್ದೇನೆ, ಅಷ್ಟೇ.

ಎರಡನೆಯದು ರಾತ್ರಿ ಕೂತು ಬರೆಯುವ ಉದ್ದನೆಯ ಪತ್ರ. ಅಡಿಕೆ ಕೊಯ್ಲಿನ ದಿನಗಳಲ್ಲಿ ಸುಲಿಯುವ ಕೆಲಸ ಮುಗಿಯುವಾಗ ಹತ್ತು ಗಂಟೆ. ಯಾಣ, ಸಹಸ್ರಲಿಂಗ, ತಂಬುಳಿ ಎಲ್ಲ ವರ್ಣಿಸಿ 'ಇನ್ನೇನಾದರೂ ಬೇಕಿದ್ದರೆ ತಿಳಿಸಿ' ಅಂತ ಮುಗಿಸುತ್ತಿದ್ದೆ. ಬೆಳಿಗ್ಗೆ ಉತ್ತರ: 'ಬೇರೆ ಕಡೆ ಬುಕ್ ಆಯ್ತು.' ಅವರು ನಾಲ್ಕಾರು ಕಡೆ ಒಟ್ಟಿಗೇ ವಿಚಾರಿಸಿರುತ್ತಾರೆ. "ಅವರು ಕೇಳಿದ್ದು ರೇಟು, ನೀವು ಬರೆದಿದ್ದು ಪ್ರವಾಸ ಕಥನ" ಅಂದಳು ಹೆಂಡತಿ.

ಮೂರನೆಯದೇ ಈಗಿನ ರೂಢಿ: ಫೋನು ಟಿಣ್ ಅಂದಾಗ ಇದ್ದಲ್ಲೇ ನಾಲ್ಕು ಸಾಲು, ಕೊನೆಯಲ್ಲಿ ಒಂದೇ ಪ್ರಶ್ನೆ. ಒಮ್ಮೆ ಫಾರ್ಮಿನಲ್ಲಿ ಇಷ್ಟಿತ್ತು: ಐದು ಜನ, ಎರಡು ರಾತ್ರಿ, 'ಅಪ್ಪ ಅಮ್ಮನೂ ಬರ್ತಾರೆ. ರೇಟ್?' ನಮ್ಮಲ್ಲಿ ಒಂದು ರೂಮು ಕೆಳಗೆ, ಇನ್ನೊಂದು ಮೆತ್ತಿಯ ಮೇಲೆ. ತೋಟದಲ್ಲಿ ನಿಂತೇ ಬರೆದೆ:

'ನಮಸ್ಕಾರ ಮೇಡಂ. ಆ ದಿನಗಳಿಗೆ ಎರಡೂ ರೂಮು ಖಾಲಿ ಇವೆ. ಊಟ ತಿಂಡಿ ಸೇರಿ ಒಬ್ಬರಿಗೆ ದಿನಕ್ಕೆ 1,500 ರೂಪಾಯಿ. ಒಂದು ರೂಮು ಮೆತ್ತಿಯ ಮೇಲಿದೆ, ಮರದ ಮೆಟ್ಟಿಲು ಕಡಿದಾಗಿದೆ. ಅಪ್ಪ ಅಮ್ಮನಿಗೆ ಹತ್ತಲು ಕಷ್ಟ ಆಗ್ತದಾ?'

ಮನೆಗೆ ಬರುವಷ್ಟರಲ್ಲಿ ಉತ್ತರ ಬಂದಿತ್ತು: 'ಅಮ್ಮನಿಗೆ ಮಂಡಿ ಆಪರೇಶನ್ ಆಗಿದೆ, ಕೆಳಗೇ ಬೇಕು. ಕಮೋಡ್ ಇದ್ಯಾ?' ಇದೆ ಅಂದೆ, ಬಾತ್‌ರೂಮಿನ ಫೋಟೋ ಕಳಿಸಿದೆ. ಯಾಣದಲ್ಲಿ ನಡೆದು ಮೆಟ್ಟಿಲು ಹತ್ತಬೇಕು. ಹಾಗಾಗಿ ಅಮ್ಮನಿಗೆ ಬನವಾಸಿಯ ಮಧುಕೇಶ್ವರ ದೇವಸ್ಥಾನ ಆದೀತಾ ಅಂತ ಕೇಳಿದೆ. ಸಂಜೆಯೊಳಗೆ ಮುಂಗಡ ಬಂತು.

ಪ್ರಶ್ನೆ ಹೊಳೆಯಬೇಕಾದ್ದು ಅವರು ಬರೆದದ್ದರೊಳಗಿಂದಲೇ, ಅದರ ಉತ್ತರದಿಂದ ನಾನು ಮಾಡುವ ಏರ್ಪಾಡು ಬದಲಾಗಬೇಕು. ಇದರಲ್ಲೂ ಎಡವಿದ್ದೇನೆ. ಫಾರ್ಮಿನಲ್ಲಿ ತುಂಬಿದ್ದನ್ನೇ 'ಎಷ್ಟು ಜನ?' ಅಂತ ಕೇಳಿ ಬೈಸಿಕೊಂಡದ್ದುಂಟು. ಮೂರು ಪ್ರಶ್ನೆ ಒಟ್ಟಿಗೆ ಹಾಕಿದರೆ ಸುಲಭದ್ದೊಂದಕ್ಕೆ ಮಾತ್ರ ಉತ್ತರ ಬರುತ್ತದೆ. ಮಾತು ಬೆಳೆಯಲಿ ಅಂತ ರೇಟನ್ನು ಮುಚ್ಚಿಟ್ಟು ನೋಡಿದೆ. 'ಮೊದ್ಲು ರೇಟ್ ಹೇಳಿ ಸ್ವಾಮಿ' ಅಂದವರು ಮತ್ತೆ ಮಾತಾಡಲಿಲ್ಲ.

ಮಳೆಗಾಲದಲ್ಲಿ ಮಾತ್ರ ಮೂರನೆಯದಕ್ಕೂ ದಾರಿಯಿಲ್ಲ. ಕರೆಂಟು ಹೋದರೆ ಟವರೂ ಸತ್ತಂತೆ. ಅದಕ್ಕೇ ಜೂನ್ ಬಂದಾಗ ಆ ತಾನಾಗಿ ಹೋಗುವ ಮೇಲಿನಲ್ಲಿ 'ಶೀಘ್ರ' ತೆಗೆದು, 'ಮಳೆ ಜೋರಿದ್ದರೆ ಉತ್ತರ ಮರುದಿನ ಬರಬಹುದು' ಅಂತ ಹಾಕುತ್ತೇನೆ.